ನೆಟ್ ಬ್ಯಾಂಕಿಂಗ್‌ನಲ್ಲಿ ಹೊಸ ಪೇಯಿ ಸೇರಿಸಿದ್ದೇನೆ, ನಾಳೆ ಭೋಗ್ಯದ ದುಡ್ಡು ಹೋಗಬೇಕು. IFSC ಕೋಡ್ ಮೇಲೆ ಅನುಮಾನ, ಅಳಿಸಿ ಮತ್ತೆ ಹಾಕಲಾ?

ಕಬ್ಬಿನಗದ್ದೆ (ಮಂಡ್ಯ):
ಮೈಸೂರಿನ ಕುವೆಂಪುನಗರದಲ್ಲಿ ಒಂದು ಮನೆ ಭೋಗ್ಯಕ್ಕೆ ಮಾತಾಗಿದೆ. ನಾಳೆ 11 ಗಂಟೆಗೆ ಕರಾರು, ಮೂರೂವರೆ ಲಕ್ಷ ಕಳಿಸಬೇಕು. ಮನೆ ಒಡತಿ ಅಜ್ಜಿ ಪಾಸ್‌ಬುಕ್ ಫೋಟೊ ಕಳಿಸಿದ್ದರು. ಅದರಲ್ಲಿದ್ದ ಕೋಡ್ ಹೀಗಿದೆ (ಕೊನೆಯ ಅಂಕೆಗಳನ್ನು ಬದಲಾಯಿಸಿದ್ದೇನೆ):

```
SYNB0001234
```

ಇದನ್ನು ಹಾಕಿದರೆ Invalid IFSC ಅಂತ ಬಂತು. ಅದು ಸಿಂಡಿಕೇಟ್ ಬ್ಯಾಂಕ್, ಈಗ ಕೆನರಾ ಆಗಿದೆ ಅಲ್ವಾ, ಅದಕ್ಕೆ ಹುಡುಕಿ ಮೈಸೂರಿನ ಒಂದು ಕೆನರಾ ಶಾಖೆ ಆರಿಸಿದೆ. ತಗೊಂಡಿತು. ಇವತ್ತು ರಾತ್ರಿ 9.40ಕ್ಕೆ ಸೇರಿಸಿದ್ದು. ಈಗ ನೋಡಿದರೆ ಮೊದಲ 24 ಗಂಟೆ ಒಟ್ಟು 50,000 ಮಾತ್ರ ಕಳಿಸಬಹುದು ಅಂತಿದೆ. ಅಳಿಸಿ ಮೊಬೈಲ್ ಆ್ಯಪ್‌ನಲ್ಲಿ ಸೇರಿಸಿದರೆ ಬೇಗ ಆಗುತ್ತಾ?

ಸುಮ್ನೆ_ಸೀನ:
ಶಾಖೆ ಯಾವುದಾದರೇನು ಗುರು, ದುಡ್ಡು ಹೋಗೋದು ಅಕೌಂಟ್ ನಂಬರ್ ನೋಡಿಕೊಂಡು. ಹಾಗೇ ಬಿಡಿ. ನಾಳೆ ಏಳು ಸಲ ಐವತ್ತು ಐವತ್ತು ಸಾವಿರ ಹಾಕಿಬಿಡಿ.

ಹಳೇ ಕ್ಯಾಷಿಯರ್:
ಸೀನ ಹೇಳಿದ್ದು ಅರ್ಧ ಸರಿ. ನೆಫ್ಟ್‌ನಲ್ಲಿ ದುಡ್ಡು ಜಮಾ ಆಗೋದು ಅಕೌಂಟ್ ನಂಬರ್ ಮೇಲೆಯೇ, ಹೆಸರು ನೋಡಿ ಅಲ್ಲ. ಅದೇ ಬ್ಯಾಂಕಿನ ಬೇರೆ ಶಾಖೆ ಕೋಡ್ ಬಿದ್ದರೂ ಎಷ್ಟೋ ಸಲ ಸೇರಿಬಿಡುತ್ತದೆ. ಆದರೆ ವಾಪಸ್ ಬರೋದೂ ಉಂಟು. ಮೊದಲ ನಾಲ್ಕು ಅಕ್ಷರವೇ ತಪ್ಪಿದರೆ ದುಡ್ಡು ಬೇರೆ ಬ್ಯಾಂಕಿಗೇ ಹೋಗುತ್ತದೆ. ಅಲ್ಲಿ ಅದೇ ನಂಬರಿನ ಖಾತೆ ಇದ್ದರೆ ವಾಪಸ್ ತರಿಸೋದು ದೊಡ್ಡ ತಲೆನೋವು. ಇನ್ನು ಏಳು ಸಲ ಹಾಕೋ ಮಾತು ನಡೆಯಲ್ಲ. ಅವರೇ ಬರೆದಿದ್ದಾರಲ್ಲ, 50,000 ಅನ್ನೋದು ಒಟ್ಟು ಮಿತಿ.

ಈಗಲೇ ಅಳಿಸಬೇಡಿ. ಹೆಚ್ಚಿನ ಕಡೆ ಸೇರಿಸಿದ ಪೇಯಿಯ ಕೋಡ್ ತಿದ್ದೋಕೆ ಬಿಡಲ್ಲ, ಅಳಿಸಿ ಮತ್ತೆ ಹಾಕಬೇಕು. ಹಾಗೆ ಮಾಡಿದರೆ ಕಾಯುವ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಕೋಡ್ ನೋಡೋದು ಸೇರಿಸೋಕೆ ಮೊದಲೇ ಆಗಬೇಕಿತ್ತು.

ಸಿಂಡಿಕೇಟ್ ಬ್ಯಾಂಕ್ ಕೆನರಾ ಜೊತೆ ಸೇರಿದ್ದು 2020ರ ಏಪ್ರಿಲ್ 1ಕ್ಕೆ. SYNB ಕೋಡ್‌ಗಳು 2021ರ ಜುಲೈಯಿಂದ ನಿಂತುಹೋದವು. ಹೊಸ ಕೋಡ್ ಲೆಕ್ಕ ಸುಲಭ: ಹಳೇ ಅಂಕೆಗೆ 10000 ಕೂಡಿಸಿ, ಮುಂದೆ CNRB ಹಾಕಿ. ನಿಮ್ಮದು ಹೀಗಾಗುತ್ತದೆ:

```
CNRB0011234
```

ಆದರೆ ಲೆಕ್ಕ ನಂಬಿ ಕೂರಬೇಡಿ. ಆಮೇಲೆ ಶಾಖೆಗಳನ್ನೂ ಒಂದರೊಳಗೊಂದು ಸೇರಿಸಿದ್ದಾರೆ. ಅಜ್ಜಿ ಹತ್ತಿರ ಹೊಸ ಚೆಕ್ ಪುಸ್ತಕ ಇದ್ದರೆ ಒಂದು ಹಾಳೆಯ ಫೋಟೊ ತರಿಸಿ. ಐದನೇ ಜಾಗದಲ್ಲಿ ಇರೋದು ಸೊನ್ನೆ, ಓ ಅಕ್ಷರ ಅಲ್ಲ. ಆಮೇಲೆ ಆ ಕೋಡನ್ನು ರಿಸರ್ವ್ ಬ್ಯಾಂಕ್ ವೆಬ್‌ಸೈಟಿನಲ್ಲಿ ಹಾಕಿ, ಶಾಖೆಯ ವಿಳಾಸ ಹೊಂದುತ್ತಾ ನೋಡಿ.

ರಾಜಿ_ಸರಸ್ವತಿಪುರಂ:
ನನಗೂ ಇದೇ ಆಗಿತ್ತು! ಹೊಸ ಫೋನಿಗೆ ಯುಪಿಐ ಹಾಕಿಕೊಂಡ ದಿನ 5,000ಕ್ಕಿಂತ ಜಾಸ್ತಿ ಹೋಗಲೇ ಇಲ್ಲ. ದೇವರಾಜ ಮಾರುಕಟ್ಟೆಯಲ್ಲಿ ಹಬ್ಬದ ಸಾಮಾನು ಕಟ್ಟಿಸಿಕೊಂಡು ನಿಂತಿದ್ದೆ, ಯಜಮಾನರಿಗೆ ಫೋನ್ ಮಾಡಬೇಕಾಯಿತು.

ಹಳೇ ಕ್ಯಾಷಿಯರ್:
ರಾಜಿಯವರೇ, ಅದು ಹೊಸ ಫೋನಿನ ಮಿತಿ, ಇದು ಹೊಸ ಪೇಯಿಯ ಮಿತಿ. ಬೇರೆ ಬೇರೆ. ಇದನ್ನು ಬ್ಯಾಂಕುಗಳು ತಾವೇ ಇಟ್ಟುಕೊಂಡಿರೋದು. ಕೆಲವು ಕಡೆ ಅರ್ಧ ಗಂಟೆ, ಕೆಲವು ಕಡೆ ಇಡೀ ದಿನ. ನಿಮ್ಮ ಪಾಸ್‌ವರ್ಡ್, ಒಟಿಪಿ ಕದ್ದವನು ತನ್ನ ಖಾತೆ ಸೇರಿಸಿಕೊಂಡು ರಾತ್ರೋರಾತ್ರಿ ಬಳಿದುಕೊಂಡು ಹೋಗದಿರಲಿ ಅಂತ. ಗ್ರಾಹಕ ಸೇವೆಗೆ ಫೋನ್ ಮಾಡಿ ಗೋಗರೆದರೂ ಬೇಗ ಬಿಡಿಸಲ್ಲ.

ಕಬ್ಬಿನಗದ್ದೆಯವರೇ, ನಾಳೆ ಬೆಳಗ್ಗೆ ಚೆಕ್ ಪುಸ್ತಕ ತಗೊಂಡು ನಿಮ್ಮ ಶಾಖೆಗೇ ಹೋಗಿ ಆರ್‌ಟಿಜಿಎಸ್ ಮಾಡಿಸಿ. ಅದಕ್ಕೆ ಈ ಕಾಯುವ ಕತೆ ಇಲ್ಲ. ಎರಡು ಲಕ್ಷದ ಮೇಲಿರೋದರಿಂದ ಆಗುತ್ತದೆ. ಐದು ಲಕ್ಷದವರೆಗೆ ಶುಲ್ಕ ಹೆಚ್ಚೆಂದರೆ 24.50, ಮೇಲೆ ಜಿಎಸ್‌ಟಿ.

ಕಬ್ಬಿನಗದ್ದೆ:
ಅಜ್ಜಿ ಮೊಮ್ಮಗನ ಕೈಲಿ ಚೆಕ್ ಹಾಳೆ ಫೋಟೊ ಕಳಿಸಿದರು. ನೀವು ಹೇಳಿದ ಲೆಕ್ಕವೇ ಸರಿ. ನಾನು ಆರಿಸಿದ್ದು ಬೇರೆ ಶಾಖೆ, ಊರು ಮಾತ್ರ ಒಂದೇ! ಅಳಿಸಿ ಸರಿಯಾದ ಕೋಡ್ ಹಾಕಿದೆ. ಈ ಸಲ ಗಮನಿಸಿದೆ, ಸೇರಿಸುವಾಗಲೇ ಖಾತೆದಾರರ ಹೆಸರು ನೋಡುವ ಬಟನ್ ಇದೆ. ಒತ್ತಿದರೆ ಅಜ್ಜಿ ಹೆಸರು ಬಂತು, ಇನಿಷಿಯಲ್ ಮಾತ್ರ ಮುಂದಿದ್ದದ್ದು ಹಿಂದೆ ಹೋಗಿದೆ. ಪರವಾಗಿಲ್ವಾ?

ಹಳೇ ಕ್ಯಾಷಿಯರ್:
ಅಷ್ಟಕ್ಕೆ ಚಿಂತೆ ಬೇಡ, ಹೆಸರು ಆ ಬ್ಯಾಂಕಿನ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಬರುತ್ತದೆ. ನೆಫ್ಟ್, ಆರ್‌ಟಿಜಿಎಸ್‌ಗೆ ಈ ಸೌಲಭ್ಯ ಕೊಡಿ ಅಂತ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ 2025ರ ಏಪ್ರಿಲ್ 1ರ ಗಡುವು ಕೊಟ್ಟಿತ್ತು. ಬೇರೆ ಯಾರದೋ ಹೆಸರು ಬಂದಿದ್ದರೆ ಅಲ್ಲೇ ನಿಲ್ಲಿಸಬೇಕಿತ್ತು. ಮಿತಿಯೊಳಗೆ ಒಂದು ರೂಪಾಯಿ ಕಳಿಸಿ, ಬಂತಾ ಅಂತ ಅಜ್ಜಿಯನ್ನೇ ಕೇಳಿ. ನಿಮ್ಮ ಕಡೆ ಸಕ್ಸಸ್ ಅಂತ ತೋರಿಸಿದ್ದನ್ನು ನೋಡಿ ಮುಗಿಸಬೇಡಿ.

ಸುಮ್ನೆ_ಸೀನ:
ಆ್ಯಪ್‌ನಲ್ಲಿ ಸೇರಿಸಿದರೆ ನನಗೆ ಅರ್ಧ ಗಂಟೆಯಲ್ಲೇ ಆಗಿತ್ತಪ್ಪ.

ಹಳೇ ಕ್ಯಾಷಿಯರ್:
ನಿಮ್ಮ ಬ್ಯಾಂಕ್ ಯಾವುದೋ, ಇವರದ್ಯಾವುದೋ.

ಕಬ್ಬಿನಗದ್ದೆ:
ರೂಪಾಯಿ ಸೇರಿದೆ, ಅಜ್ಜಿ ಎಸ್‌ಎಂಎಸ್ ಓದಿ ಹೇಳಿದರು. ಮಂಡ್ಯ ಶಾಖೆಯಲ್ಲಿ 10.20ಕ್ಕೆ ಆರ್‌ಟಿಜಿಎಸ್ ಫಾರಂ ಕೊಟ್ಟೆ. ಕ್ಯೂನಲ್ಲಿ ಮುಂದಿದ್ದವರು ಕಬ್ಬಿನ ಬಿಲ್ ಬಂತಾ ಅಂತ ಪಾಸ್‌ಬುಕ್ ಹಿಡಿದು ನಿಂತಿದ್ದರು, ಅರ್ಧ ಗಂಟೆ ಹೋಯಿತು. ಕರಾರಿಗೆ ಒಂದು ಗಂಟೆ ತಡವಾಗಿ ಹೋದೆ. ಅಜ್ಜಿ ಬೈಯಲಿಲ್ಲ, ಕಾಫಿ ಕೊಟ್ಟರು.