ಎಆರ್‌ಆರ್ 48 ಲಕ್ಷ ಬರ್ತಿದೆ, ಮಾಲೀಕರು ಒಪ್ತಿಲ್ಲ. ಎಲ್ಲಿ ತಪ್ಪಿದೆ?

ಲೆಕ್ಕದಪುಟ:
ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ ಮುಗಿಸಿ ಎಂಟು ತಿಂಗಳಿಂದ ಒಂದು ಚಿಕ್ಕ ಸಾಫ್ಟ್‌ವೇರ್ ಕಂಪನಿಯಲ್ಲಿ ಸೇಲ್ಸ್ ಲೆಕ್ಕ ನೋಡಿಕೊಳ್ಳುತ್ತಿದ್ದೇನೆ. ನಾವು ಕ್ಲಿನಿಕ್‌ಗಳಿಗೆ ಅಪಾಯಿಂಟ್‌ಮೆಂಟ್ ಮತ್ತು ಬಿಲ್ಲಿಂಗ್ ಸಾಫ್ಟ್‌ವೇರ್ ಕೊಡುತ್ತೇವೆ. ತಿಂಗಳಿಗೆ 2,000 ರೂಪಾಯಿ, ಅದರ ಮೇಲೆ 18% ಜಿಎಸ್‌ಟಿ. ಹೊಸಬರು ಸೇರುವಾಗ ಒಂದು ಸಲ 5,000 ಸೆಟಪ್ ಫೀಸ್ ಕೊಡುತ್ತಾರೆ.

ಮಾರ್ಚ್ 2025ರ ಕೊನೆಗೆ ಎಆರ್‌ಆರ್, ಅಂದರೆ ವರ್ಷ ವರ್ಷ ಮರಳಿ ಬರುವ ಆದಾಯ, ಎಷ್ಟಿತ್ತು ಅಂತ ಮಾಲೀಕರು ಕೇಳಿದರು. ತಿಂಗಳ ಆದಾಯವನ್ನು 12ರಿಂದ ಗುಣಿಸಬೇಕು ಅಂತ ಓದಿದ್ದೆ. ಮಾರ್ಚ್‌ನಲ್ಲಿ ಬ್ಯಾಂಕಿಗೆ 4,01,200 ಬಂದಿದೆ. ಗುಣಿಸಿದರೆ 48,14,400 ಆಯಿತು. ಅವರು ಹಾಳೆ ನೋಡಿದವರೇ "ನಮ್ಮಲ್ಲಿರೋದು ನೂರು ಚಿಲ್ಲರೆ ಕ್ಲಿನಿಕ್. ಇಷ್ಟು ಹೇಗೆ ಆಗುತ್ತಮ್ಮ?" ಅಂದರು. ಶೀಟನ್ನು ಮೂರು ಸಲ ನೋಡಿದೆ, ಕೂಡುವುದರಲ್ಲಿ ತಪ್ಪಿಲ್ಲ.

ಕೋಡ್‌ಕಟ್ಟೆ:
ಫಾರ್ಮುಲಾ ಸರಿಯಾಗೇ ಇದೆ. ಜಿಎಸ್‌ಟಿ ಸೇರಿಸಿಬಿಟ್ಟಿದ್ದೀರಿ, ಅಷ್ಟೇ. ಅದು ಸರ್ಕಾರದ ದುಡ್ಡು. 4,01,200ನ್ನು 1.18ರಿಂದ ಭಾಗಿಸಿ, 3,40,000 ಬರುತ್ತೆ. ಇಂಟು 12, 40.8 ಲಕ್ಷ. ಮುಗೀತು.

ಹಳೇಖಾತೆ:
ಜಿಎಸ್‌ಟಿ ವಿಷಯ ಸರಿ, ಆದರೆ ಮುಗಿದಿಲ್ಲ. ಹನ್ನೊಂದು ವರ್ಷದಿಂದ ಇದೇ ಲೆಕ್ಕ ಮಾಡಿಕೊಂಡು ಬಂದಿದ್ದೇನೆ. ಹೊಸದಾಗಿ ಸೇರಿದವರೆಲ್ಲ ಎಡವುವುದು ಇದೇ ಜಾಗದಲ್ಲಿ.

ಮೇಡಂ, ಬ್ಯಾಂಕ್ ಪಾಸ್‌ಬುಕ್ ನೋಡಿ ಎಆರ್‌ಆರ್ ತೆಗೆಯಲು ಆಗುವುದಿಲ್ಲ. ಈ ತಿಂಗಳು ಯಾರು ದುಡ್ಡು ಹಾಕಿದರು ಅನ್ನುವುದು ಪಾಸ್‌ಬುಕ್‌ನಲ್ಲಿ ಇರುತ್ತೆ. ಎಆರ್‌ಆರ್ ಕೇಳುವುದು ಬೇರೆಯದನ್ನೇ. ಇವತ್ತು ಚಾಲ್ತಿಯಲ್ಲಿರುವ ಗ್ರಾಹಕರು ಹೀಗೇ ಮುಂದುವರಿದರೆ ಒಂದು ವರ್ಷಕ್ಕೆ ಎಷ್ಟು ಕೊಡುತ್ತಾರೆ ಅಂತ ಅದು ಕೇಳುತ್ತೆ. ಹಾಗಾಗಿ ಗ್ರಾಹಕರ ಪಟ್ಟಿಯಿಂದ ಶುರು ಮಾಡಬೇಕು.

ಎರಡು ವಿಷಯ ಹೇಳಿ. ವರ್ಷದ ದುಡ್ಡನ್ನು ಒಟ್ಟಿಗೆ ಕಟ್ಟುವವರು ಎಷ್ಟು ಜನ? ಮಾರ್ಚ್‌ನಲ್ಲಿ ಹೊಸಬರು ಎಷ್ಟು ಜನ ಸೇರಿದರು?

ಲೆಕ್ಕದಪುಟ:
ಸರ್, ವರ್ಷಕ್ಕೊಮ್ಮೆ 24,000 ಕಟ್ಟುವವರು ಎಂಟು ಜನ. ಅವರಲ್ಲಿ ನಾಲ್ವರು ಮಾರ್ಚ್‌ನಲ್ಲೇ ಕಟ್ಟಿದ್ದಾರೆ. ಹೊಸಬರೂ ನಾಲ್ವರೇ.

ಹಳೇಖಾತೆ:
ಹಾಗಾದರೆ ಸಿಕ್ಕಿತು. ಜಿಎಸ್‌ಟಿ ಕಳೆದ 3,40,000ದಿಂದ ಮುಂದೆ ಹೋಗೋಣ. ನಾಲ್ವರು ಹೊಸಬರ ಸೆಟಪ್ ಫೀಸ್ 20,000. ಅದು ಒಂದೇ ಸಲದ್ದು, ಮುಂದಿನ ವರ್ಷ ಬರುವುದಿಲ್ಲ. ತೆಗೆದರೆ 3,20,000.

ಈಗ ವರ್ಷದ ದುಡ್ಡು. ನಾಲ್ವರು ಕಟ್ಟಿದ 96,000 ಮಾರ್ಚ್‌ನ ಆದಾಯ ಅಲ್ಲ, ಹನ್ನೆರಡು ತಿಂಗಳದ್ದು. ನೀವು ಅದನ್ನು ಮತ್ತೆ 12ರಿಂದ ಗುಣಿಸಿದ್ದೀರಿ. ಒಬ್ಬ ಡಾಕ್ಟರ್ ಕೊಟ್ಟ 24,000 ನಿಮ್ಮ ಶೀಟಿನಲ್ಲಿ 2,88,000 ಆಗಿ ಕೂತಿದೆ. ಇನ್ನೊಂದು ಕಡೆ, ಬೇರೆ ತಿಂಗಳಲ್ಲಿ ಕಟ್ಟಿದ ಉಳಿದ ನಾಲ್ವರು ಲೆಕ್ಕದಲ್ಲೇ ಇಲ್ಲ. ಆ 96,000 ತೆಗೆದು, ಎಂಟೂ ಜನರಿಗೆ ತಲಾ 2,000ದಂತೆ 16,000 ಸೇರಿಸಿ. 2,40,000 ಬರುತ್ತೆ. ಇದು ನಿಮ್ಮ ನಿಜವಾದ ತಿಂಗಳ ಆದಾಯ, ಎಂಆರ್‌ಆರ್. ಇದನ್ನು 12ರಿಂದ ಗುಣಿಸಿದರೆ 28,80,000.

ಗ್ರಾಹಕರ ಪಟ್ಟಿಯಲ್ಲಿ ಒಬ್ಬೊಬ್ಬರ ತಿಂಗಳ ದರ ಕೂಡಿ ನೋಡಿ. ಇದೇ 2,40,000 ಬರಬೇಕು. ಬರದಿದ್ದರೆ ಯಾರೋ ಒಬ್ಬರು ಎರಡು ಸಲ ಸೇರಿದ್ದಾರೆ, ಇಲ್ಲಾ ಬಿಟ್ಟುಹೋದವರು ಪಟ್ಟಿಯಲ್ಲೇ ಉಳಿದಿದ್ದಾರೆ, ಇಲ್ಲಾ ಯಾರೋ ಮಾರ್ಚ್‌ನಲ್ಲಿ ದುಡ್ಡು ಹಾಕಿಲ್ಲ ಅಂತ ಅರ್ಥ.

ಅಂಗಡಿಕಂಪ್ಯೂಟರ್:
ನನ್ನದೂ ಇದೇ ತೊಂದರೆ. ದಾವಣಗೆರೆಯಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರ್ತೀನಿ. ಲೈಸೆನ್ಸ್ 18,000, ಒಂದೇ ಸಲ. ಎರಡನೇ ವರ್ಷದಿಂದ ಎಎಂಸಿ 3,000. ಟಿಡಿಎಸ್ ಹಿಡಿದುಕೊಂಡು ಕೊಡ್ತಾರೆ, ಬ್ಯಾಂಕಿಗೆ ಕಡಿಮೆ ಬರುತ್ತೆ. ಹಾಗಾದ್ರೆ ಟಿಡಿಎಸ್ ಕಳೆದ ಮೇಲೆ ಇಂಟು 12 ಮಾಡಬೇಕಾ?

ಹಳೇಖಾತೆ:
ಇಲ್ಲ ಸರ್, ನಿಮ್ಮದು ಬೇರೆ ಪ್ರಶ್ನೆ. ಟಿಡಿಎಸ್ ಕಳೆಯಬೇಡಿ, ಅದು ನಿಮ್ಮದೇ ಆದಾಯ, ತೆರಿಗೆಯಾಗಿ ಮುಂಚೆಯೇ ಹೋಗಿದೆ ಅಷ್ಟೇ. ಬಿಲ್ಲಿನ ಮೊತ್ತ ಹಿಡಿಯಿರಿ. ಲೈಸೆನ್ಸ್‌ನ 18,000 ಎಆರ್‌ಆರ್‌ಗೆ ಸೇರಲ್ಲ. ಎಎಂಸಿಯನ್ನು ವರ್ಷವರ್ಷ ನವೀಕರಿಸುತ್ತಿದ್ದರೆ ಆ 3,000 ಸೇರಿಸಬಹುದು. ಅದು ಮೊದಲೇ ವರ್ಷದ ಮೊತ್ತ, 12ರಿಂದ ಗುಣಿಸಬೇಡಿ.

ಲೆಕ್ಕದಪುಟ:
ಪಟ್ಟಿ ಕೂಡಿದೆ ಸರ್, ಸರಿಯಾಗಿ 2,40,000 ಬಂತು! ಮಾಲೀಕರೂ ಒಪ್ಪಿದರು. ಈಗ ಎನ್‌ಆರ್‌ಆರ್ ಕೇಳುತ್ತಿದ್ದಾರೆ. ಏಪ್ರಿಲ್ 1, 2024ಕ್ಕೆ ನೂರು ಕ್ಲಿನಿಕ್, ಎಆರ್‌ಆರ್ 24,00,000. ಈಗ 28,80,000. ಭಾಗಿಸಿದರೆ 120%. ಇದು ತುಂಬಾ ಒಳ್ಳೆಯದು ಅಂತ ಓದಿದೆ. ಆದರೆ ಸಪೋರ್ಟ್‌ನವರು ದಿನಾ ಯಾರೋ ಬಿಟ್ಟುಹೋದರು ಅಂತ ಬೇಜಾರು ಮಾಡಿಕೊಳ್ಳುತ್ತಾರೆ. ಎರಡೂ ನಿಜ ಇರೋಕೆ ಹೇಗೆ ಸಾಧ್ಯ?

ಹಳೇಖಾತೆ:
ಅವರ ಮಾತೇ ನಿಜ. ವರ್ಷದ ಮೊದಲಿದ್ದ ಗ್ರಾಹಕರಿಂದ ಬರುತ್ತಿದ್ದ ಆದಾಯದಲ್ಲಿ ಈಗ ಎಷ್ಟು ಪಾಲು ಬರುತ್ತಿದೆ ಅನ್ನುವುದೇ ಎನ್‌ಆರ್‌ಆರ್. ನಿಮ್ಮ 120%ರೊಳಗೆ ಹೊಸ ಗ್ರಾಹಕರು ನುಸುಳಿದ್ದಾರೆ.

ಶಾಲೆಯ ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ಏಪ್ರಿಲ್ 1, 2024ರಂದು ಇದ್ದ ನೂರು ಹೆಸರು ಬರೆದು ಪುಸ್ತಕ ಮುಚ್ಚಿಬಿಡಿ. ಆಮೇಲೆ ಸೇರಿದವರ ಹೆಸರು ಅದರಲ್ಲಿ ಬರೆಯುವಂತಿಲ್ಲ. ವರ್ಷದ ಕೊನೆಗೆ ಅದೇ ನೂರು ಜನರನ್ನು ಕೂಗಿ. ಯಾರು ಇಲ್ಲ, ಯಾರು ಕಡಿಮೆ ಕೊಡುತ್ತಿದ್ದಾರೆ, ಯಾರು ಜಾಸ್ತಿ ಕೊಡುತ್ತಿದ್ದಾರೆ? ಈ ಮೂರು ಗೊತ್ತಾದರೆ ಸಾಕು. ಕಳುಹಿಸಿ.

ಲೆಕ್ಕದಪುಟ:
ಕೂಗಿದೆ ಸರ್. ಬಿಟ್ಟುಹೋದವರು 15 ಕ್ಲಿನಿಕ್, ವರ್ಷಕ್ಕೆ 3,60,000. ಐದು ಕ್ಲಿನಿಕ್ 1,200ರ ಪ್ಲಾನ್‌ಗೆ ಇಳಿದಿವೆ, 48,000 ಕಡಿಮೆ. ಹತ್ತು ಕ್ಲಿನಿಕ್ ತಿಂಗಳಿಗೆ 1,000 ಜಾಸ್ತಿ ಕೊಟ್ಟು ಔಷಧಿ ಅಂಗಡಿಯ ಮಾಡ್ಯೂಲ್ ತಗೊಂಡಿವೆ, 1,20,000. ಒಬ್ಬ ಗ್ರಾಹಕರು 12 ಹೊಸ ಬ್ರಾಂಚ್ ತೆರೆದರು, ಅದು 2,88,000. ಉಳಿದ 4,80,000 ಹೊಸ 20 ಕ್ಲಿನಿಕ್‌ಗಳದ್ದು.

ಹಳೇಖಾತೆ:
ಹೊಸ 20 ಕ್ಲಿನಿಕ್ ಪಕ್ಕಕ್ಕಿಡಿ. ಶೀಟಿನಲ್ಲಿ B2ರಲ್ಲಿ ವರ್ಷದ ಮೊದಲಿನ ಎಆರ್‌ಆರ್, B3ರಲ್ಲಿ ಬಿಟ್ಟುಹೋದದ್ದು, B4ರಲ್ಲಿ ಇಳಿದದ್ದು, B5ರಲ್ಲಿ ಹಳೇ ಗ್ರಾಹಕರಿಂದ ಹೆಚ್ಚಿದ್ದು ಹಾಕಿ.

```
NRR: =(B2-B3-B4+B5)/B2
GRR: =(B2-B3-B4)/B2
```

ಬಿಟ್ಟದ್ದು ಮತ್ತು ಇಳಿದದ್ದು ಸೇರಿ 4,08,000. ಹೆಚ್ಚಿದ್ದೂ 4,08,000. ಹಾಗಾಗಿ ಎನ್‌ಆರ್‌ಆರ್ ಸರಿಯಾಗಿ 100%. ಜಿಆರ್‌ಆರ್‌ನಲ್ಲಿ ಹೆಚ್ಚಿದ್ದನ್ನು ಸೇರಿಸುವುದೇ ಇಲ್ಲ, ಅದು 83%.

ಇಲ್ಲಿ ಸ್ವಲ್ಪ ನಿಂತು ನೋಡಿ. 100% ಅಂದರೆ ಏನೂ ಸೋರಿಲ್ಲ ಅಂತಲ್ಲ. ಸೋರಿದಷ್ಟನ್ನೇ ಮೇಲಿಂದ ತುಂಬಿದ್ದೀರಿ. ಅದೂ ಮುಕ್ಕಾಲು ಪಾಲಿಗೆ ಹತ್ತಿರ ಒಬ್ಬರೇ ತುಂಬಿದ್ದಾರೆ. ಆ 12 ಬ್ರಾಂಚ್ ಬರದೇ ಇದ್ದಿದ್ದರೆ ಎನ್‌ಆರ್‌ಆರ್ 88%. ಆ ಗ್ರಾಹಕರು ಬೇರೆ ಸಾಫ್ಟ್‌ವೇರ್‌ಗೆ ಹೋದ ದಿನ ಏನಾಗುತ್ತೆ ಅಂತ ಯೋಚಿಸಿ. ಮಾಲೀಕರಿಗೆ ಎನ್‌ಆರ್‌ಆರ್, ಜಿಆರ್‌ಆರ್ ಎರಡನ್ನೂ ಒಟ್ಟಿಗೇ ತೋರಿಸಿ.

ಕೋಡ್‌ಕಟ್ಟೆ:
ಚರ್ನ್‌ಗೆ, ಅಂದರೆ ಬಿಟ್ಟುಹೋದವರ ಲೆಕ್ಕಕ್ಕೆ, ಇಷ್ಟೆಲ್ಲ ಯಾಕೆ? ತಿಂಗಳ ಚರ್ನ್ ತಗೊಂಡು ಇಂಟು 12 ಮಾಡಿದರೆ ಆಯ್ತಲ್ವಾ? ನಮ್ಮ ಆಫೀಸಿನಲ್ಲಿ ತಿಂಗಳಿಗೆ 2%, ವರ್ಷಕ್ಕೆ 24% ಅಂತ ಬರೀತೀವಿ.

ಹಳೇಖಾತೆ:
ಸುಮಾರಾಗಿ ಹತ್ತಿರ ಬರುತ್ತೆ, ಆದರೆ ಸರಿಯಲ್ಲ. ನೂರರಲ್ಲಿ ಇಬ್ಬರು ಹೋದರೆ ಮುಂದಿನ ತಿಂಗಳ 2% ಲೆಕ್ಕ 98ರ ಮೇಲೆ. 0.98ನ್ನು ಹನ್ನೆರಡು ಸಲ ಗುಣಿಸಿ, 0.785 ಉಳಿಯುತ್ತೆ. ಅಂದರೆ ವರ್ಷಕ್ಕೆ 21.5% ಹೋಗುತ್ತಾರೆ. ತಿಂಗಳ ಚರ್ನ್ 10% ಇರುವ ಕಡೆ ನಿಮ್ಮ ಲೆಕ್ಕ 120% ಅನ್ನುತ್ತೆ. ಇರುವವರಿಗಿಂತ ಜಾಸ್ತಿ ಜನ ಬಿಟ್ಟುಹೋಗೋಕೆ ಆಗಲ್ಲ ಅಲ್ವಾ?

ಕೋಡ್‌ಕಟ್ಟೆ:
ಹೌದು, ಅದು ನನಗೆ ಹೊಳೆದಿರಲಿಲ್ಲ. ನಾಳೆನೇ ಶೀಟ್ ಬದಲಾಯಿಸ್ತೀನಿ.

ಚೆನ್ನೈಕನ್ನಡಿಗ:
ಒಂದು ತಕರಾರು ಇದೆ. ಆ 12 ಬ್ರಾಂಚ್ ನಿಜವಾಗಿಯೂ ಎಕ್ಸ್‌ಪಾನ್ಶನ್ನಾ, ಅಂದರೆ ಹಳೇ ಗ್ರಾಹಕರಿಂದ ಹೆಚ್ಚಿದ್ದಾ? ನಾನು ಕೆಲಸ ಮಾಡುವ ಕಡೆ ಪ್ರತಿ ಬ್ರಾಂಚ್‌ಗೂ ಬೇರೆ ಒಪ್ಪಂದ, ಬೇರೆ ಜಿಎಸ್‌ಟಿ ನಂಬರ್ ಇದ್ದರೆ ಹೊಸ ಗ್ರಾಹಕ ಅಂತಲೇ ಹಿಡಿಯುತ್ತೇವೆ. ಆ ಲೆಕ್ಕದಲ್ಲಿ ಇವರ ಎನ್‌ಆರ್‌ಆರ್ 88%ಕ್ಕೇ ನಿಲ್ಲುತ್ತೆ.

ಎಆರ್‌ಆರ್‌ಗೆ ಅಕೌಂಟಿಂಗ್ ಸ್ಟ್ಯಾಂಡರ್ಡ್‌ನಲ್ಲಿ ಒಂದು ಕಟ್ಟುಪಾಡಿನ ವ್ಯಾಖ್ಯೆ ಇಲ್ಲ. ಚೆನ್ನೈನಲ್ಲಿ ಶುರುವಾಗಿ 2021ರಲ್ಲಿ ನಾಸ್ಡಾಕ್‌ನಲ್ಲಿ ಲಿಸ್ಟ್ ಆದ ಫ್ರೆಶ್‌ವರ್ಕ್ಸ್ ತನ್ನ ವರದಿಗಳಲ್ಲಿ ಇದೇ ಥರದ ಸಂಖ್ಯೆಯನ್ನು ನೆಟ್ ಡಾಲರ್ ರಿಟೆನ್ಶನ್ ಅಂತ ಕೊಡುತ್ತೆ. ಅದನ್ನು ಹೇಗೆ ಲೆಕ್ಕ ಹಾಕಿದ್ದು ಅಂತಲೂ ಅಲ್ಲೇ ಬರೆಯುತ್ತೆ. ಚಿಕ್ಕ ಕಂಪನಿಯೂ ಶೀಟಿನ ಮೇಲೆ ಎರಡು ಸಾಲು ಬರೆದಿಡಬೇಕು, ಯಾರನ್ನು ಒಬ್ಬ ಗ್ರಾಹಕ ಅಂತ ಎಣಿಸಿದ್ದೇವೆ ಅಂತ.

ಹಳೇಖಾತೆ:
ಬಿಲ್ ಒಬ್ಬರ ಹೆಸರಿಗೇ ಹೋಗುತ್ತಿದ್ದರೆ, ಬಿಡುವ ನಿರ್ಧಾರವೂ ಒಬ್ಬರದೇ ಆಗಿದ್ದರೆ ನಾನು ಒಂದೇ ಗ್ರಾಹಕ ಅಂತ ಹಿಡಿಯುತ್ತೇನೆ. ನಿಮ್ಮ ಮಾತನ್ನೂ ತಳ್ಳಿಹಾಕಲ್ಲ. ಯಾವುದೇ ಹಿಡಿದರೂ ವರ್ಷದಿಂದ ವರ್ಷಕ್ಕೆ ಬದಲಾಯಿಸಬಾರದು.

ಲೆಕ್ಕದಪುಟ ಅವರೇ, ಇನ್ನೊಂದು ನೋಡಿ. ವರ್ಷದ ನಡುವೆ ಸೇರಿ, ನಡುವೆಯೇ ಬಿಟ್ಟುಹೋದವರು ಇದ್ದಾರಾ? ಅವರು ಮುಚ್ಚಿಟ್ಟ ಪುಸ್ತಕದಲ್ಲಿ ಇರಲ್ಲ, ಕೊನೆಯ ಪಟ್ಟಿಯಲ್ಲೂ ಇರಲ್ಲ.

ಲೆಕ್ಕದಪುಟ:
ಇದ್ದಾರೆ ಸರ್. ನಿಜವಾಗಿ ಸೇರಿದ್ದು 23, ಮೂವರು ಜೂನ್‌ನಲ್ಲಿ ಸೇರಿ ದೀಪಾವಳಿ ಹೊತ್ತಿಗೆ ಬಿಟ್ಟಿದ್ದಾರೆ. ನನ್ನ ಯಾವ ಸಂಖ್ಯೆಯಲ್ಲೂ ಅವರು ಕಾಣುವುದಿಲ್ಲ.

ಇವತ್ತು ಸಪೋರ್ಟ್‌ನವರ ಜೊತೆ ಕೂತು, ಬಿಟ್ಟುಹೋದ 15 ಕ್ಲಿನಿಕ್‌ಗಳ ಕರೆ ದಾಖಲೆ ಓದಿದೆ. ಒಂಬತ್ತು ಕಡೆ ಕಥೆ ಒಂದೇ. ನಮ್ಮ ಸಾಫ್ಟ್‌ವೇರ್ ಕಲಿತಿದ್ದ ರಿಸೆಪ್ಷನಿಸ್ಟ್ ಕೆಲಸ ಬಿಟ್ಟಿದ್ದಾರೆ. ಹೊಸಬರಿಗೆ ಯಾರೂ ಹೇಳಿಕೊಟ್ಟಿಲ್ಲ. ಒಂದು ಕ್ಲಿನಿಕ್‌ನಲ್ಲಿ ಹೊಸ ಹುಡುಗಿ ಎರಡು ತಿಂಗಳು ಟೋಕನ್ ನಂಬರ್‌ಗಳನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಿದ್ದರು. ಬಿಲ್ ಮಾತ್ರ ಪ್ರತಿ ತಿಂಗಳು ಹೋಗುತ್ತಿತ್ತು. ಮೂರನೇ ತಿಂಗಳು ಡಾಕ್ಟರ್ ಫೋನ್ ಮಾಡಿ ನಿಲ್ಲಿಸಿ ಅಂದರು.

ಲಾಗಿನ್ ಎರಡು ವಾರ ನಿಂತ ಕ್ಲಿನಿಕ್‌ಗಳ ಪಟ್ಟಿಯನ್ನು ಸೋಮವಾರದಿಂದ ತೆಗೆಯುತ್ತೇವೆ. ಆ ಮೂವರನ್ನು ಮಾತ್ರ ಎಲ್ಲಿ ತೋರಿಸಬೇಕು ಅಂತ ಇನ್ನೂ ಗೊತ್ತಾಗಿಲ್ಲ. ಚರ್ನ್ 15 ಅಂತ ಬರೆಯಲಾ, 18 ಅಂತ ಬರೆಯಲಾ?

ಚೆನ್ನೈಕನ್ನಡಿಗ:
18ನ್ನು ನೂರರಿಂದ ಭಾಗಿಸಬೇಡಿ, ಆ ಮೂವರು ನೂರರಲ್ಲಿ ಇರಲಿಲ್ಲ. ನಾವು ಸೇರಿದ ತಿಂಗಳ ಪ್ರಕಾರ ಗುಂಪು ಮಾಡಿ ಬೇರೆ ಶೀಟ್ ಇಡುತ್ತೇವೆ. ಜೂನ್‌ನಲ್ಲಿ ಸೇರಿದವರಲ್ಲಿ ಆರು ತಿಂಗಳಾದ ಮೇಲೆ ಎಷ್ಟು ಜನ ಉಳಿದರು ಅಂತ ನೋಡಬೇಕು. ಜೂನ್‌ನಲ್ಲಿ ಒಟ್ಟು ಎಷ್ಟು ಜನ ಸೇರಿದ್ದರು?

ಲೆಕ್ಕದಪುಟ:
ನಾಲ್ವರು.