ಸಭೆ ನಡಾವಳಿಯಲ್ಲಿ ‘ಓನರ್’ ಕಾಲಂಗೆ ಕನ್ನಡದಲ್ಲಿ ಏನನ್ನೋಣ?

ಮೈಸೂರಿನಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ.

24 ಮನೆಗಳಿರುವ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ನಾನು ಕಾರ್ಯದರ್ಶಿ. ಸಭೆಯಲ್ಲಿ ಗೀಚಿಕೊಂಡದ್ದನ್ನು ನಡಾವಳಿಯಾಗಿ ಬರೆದು ಎಲ್ಲರಿಗೂ ಕಳಿಸುವುದು ನನ್ನ ಕೆಲಸ. 2025ರ ಜುಲೈ 27ರ ಭಾನುವಾರ ಬರೆದುಕೊಂಡದ್ದು ಹೀಗಿದೆ, ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ:

> ಮೋಟರ್ ಮತ್ತೆ ಸುಟ್ಟಿದೆ. ರಿವೈಂಡಿಂಗಾ ಹೊಸದಾ? 302 ಹೊಸದೇ ಆಗಲಿ ಅಂದ್ರು. ಖಜಾಂಚಿ – ದುಡ್ಡು? ಮೂರು ಕಡೆ ಕೊಟೇಶನ್ ತರೋಣ. ಹಬ್ಬದೊಳಗೆ ಆಗ್ಬೇಕು. ಟ್ಯಾಂಕ್ ಕ್ಲೀನಿಂಗ್ ಯಾವಾಗ? ಲಿಫ್ಟ್ ಎಎಂಸಿ – ನೋಡೋಣ.

ನಡಾವಳಿಯಲ್ಲಿ ಇದು ಹೀಗಾಯಿತು: “ಬೋರ್‌ವೆಲ್ ಮೋಟರ್ ಬಗ್ಗೆ ಚರ್ಚಿಸಿ, ಮೂರು ಕಡೆಯಿಂದ ಕೊಟೇಶನ್ ತರಿಸಲು ಹಾಗೂ ಹಬ್ಬದೊಳಗೆ ಕೆಲಸ ಮುಗಿಸಲು ತೀರ್ಮಾನಿಸಲಾಯಿತು.”

ಚೌತಿ ಬಂತು, ಒಂದು ಕೊಟೇಶನ್ನೂ ಬಂದಿರಲಿಲ್ಲ. ಜಂಟಿ ಕಾರ್ಯದರ್ಶಿ ‘ಖಜಾಂಚಿ ತರ್ತಾರೆ’ ಅಂದುಕೊಂಡಿದ್ದರು. ಖಜಾಂಚಿ ‘ಅವರು ತರ್ತಾರೆ’ ಅಂದುಕೊಂಡಿದ್ದರು. ಅಧ್ಯಕ್ಷರ ಮನಸ್ಸಿನಲ್ಲಿ ಇದ್ದದ್ದು ಗಣೇಶನ ಹಬ್ಬ, ಖಜಾಂಚಿಗೆ ಹಬ್ಬ ಅಂದರೆ ದಸರಾ. ಮೈಸೂರಿನಲ್ಲಿ ಅದೇನೂ ತಪ್ಪಲ್ಲ. ತಪ್ಪು ನಾನು ಬರೆದ ವಾಕ್ಯದ್ದು.

ಮುಂದಿನ ಸಲಕ್ಕೆ ಕಾಲಂ ಹಾಕೋಣ ಅಂತ ಆಫೀಸಿನಲ್ಲಿ ಬಳಸುವ ಫಾರಂ ತಂದೆ. ಅದರಲ್ಲಿ ‘ಆಕ್ಷನ್ ಐಟಂ’, ‘ಓನರ್’, ‘ಡೆಡ್‌ಲೈನ್’ ಅಂತಿದೆ. ಅಪಾರ್ಟ್‌ಮೆಂಟಿನಲ್ಲಿ ಓನರ್ ಅಂದರೆ ಮನೆ ಓನರ್ ಅಲ್ವಾ? ಒಬ್ಬ ಹಿರಿಯರು ಆ ಕಾಲಂನಲ್ಲಿ ಅಮೆರಿಕದಲ್ಲಿರುವ ಮಗನ ಹೆಸರು ಬರೆದುಕೊಟ್ಟರು. ಫ್ಲ್ಯಾಟ್ ಇರುವುದು ಮಗನ ಹೆಸರಿನಲ್ಲಿ. ‘ಹೊಣೆಗಾರರು’ ಎಂದು ಬದಲಾಯಿಸಿದರೆ ಖಜಾಂಚಿಯವರು “ನಾನೇನು ಸಾಲಕ್ಕೆ ಜಾಮೀನು ನಿಂತಿದ್ದೀನಾ?” ಎಂದು ಬೇಸರಪಟ್ಟರು. ಕೆಲಸ ವಹಿಸಿಕೊಂಡವರಿಗೆ ಚಿಕ್ಕದಾದ, ಯಾರಿಗೂ ಚುಚ್ಚದ ಪದ ಯಾವುದು? ‘ನಡಾವಳಿ’ ಸರಿಯೋ ‘ನಡವಳಿ’ ಸರಿಯೋ, ಅದನ್ನೂ ಹೇಳಿ.

ಉಡುಪಿಯಿಂದ

‘ನಡವಳಿ’ ಅಂದರೆ ನಡತೆ, ನಡವಳಿಕೆ. ಆದ್ದರಿಂದ ಸಭೆಗೆ ‘ನಡಾವಳಿ’ ಮಾತ್ರ ಸರಿ. ಇನ್ನೊಂದು ತಪ್ಪು. ನಾನು ಮೂವತ್ತು ವರ್ಷ ಕನ್ನಡ ಮೇಷ್ಟ್ರಾಗಿದ್ದವನು.

‘ಹೊಣೆ’ಯಲ್ಲಿ ಬೇಸರಪಡುವಂಥದ್ದು ಏನೂ ಇಲ್ಲ, ಒಳ್ಳೆಯ ಕನ್ನಡ ಪದ. ‘ಹೊಣೆಗಾರ’ ಅಂದಾಗ ಮಾತ್ರ ಅದು ತಪ್ಪಿತಸ್ಥನ ಕಡೆಗೆ ವಾಲುತ್ತದೆ. ಕಾಲಂ ಮೇಲೆ ಬರೀ ‘ಹೊಣೆ’ ಎಂದು ಬರೆಯಿರಿ.

ವಿಜಯಪುರದಿಂದ

ನಮ್ಮ ಕಡೆ ಇದಕ್ಕೆ ‘ಠರಾವು’ ಅಂತಾರ್ರೀ. ನಮ್ಮ ಸೊಸೈಟಿಯಲ್ಲಿ ಠರಾವು ಪುಸ್ತಕ ಅಂತಲೇ ಇದೆ. ನಿಮ್ಮ ಕಾಲಂಗೆ ‘ಸೂಚಕರು’, ‘ಅನುಮೋದಕರು’ ಅಂತ ಬರೀರಿ, ಸಾಕು. ಹೋದ ಸಲ ಅಧ್ಯಕ್ಷರು ಬದಲಾದಾಗ ಬ್ಯಾಂಕಿನಲ್ಲಿ ಹೊಸಬರ ಸಹಿ ನಡೆಯಲಿಕ್ಕೆ ಠರಾವಿನ ನಕಲು ಕೇಳಿದರು. ಅದರಲ್ಲಿ ಸೂಚಕರ ಹೆಸರೇ ಇರಲಿಲ್ಲ, ತಿರುಗಿ ಕಳಿಸಿದರು. ಎರಡು ಸಲ ಅಡ್ಡಾಡಿದೆವು. ಅದಕ್ಕೇ ಹೇಳ್ತೀನಿ, ಸೂಚಕರ ಹೆಸರು ಬಿಡಬ್ಯಾಡ್ರಿ.

ತುಮಕೂರಿನಿಂದ

ವಿಜಯಪುರದ ಸರ್ ಹೇಳಿದ್ದು ಬೇರೆ ಕೆಲಸಕ್ಕೆ. ಸೂಚಕರು ಅಂದರೆ ಸಭೆಯಲ್ಲಿ ವಿಷಯ ಮಂಡಿಸಿದವರು, ಅನುಮೋದಕರು ಅದಕ್ಕೆ ಬೆಂಬಲ ಕೊಟ್ಟವರು. ಬ್ಯಾಂಕಿಗೆ ಕೊಡುವ ಠರಾವಿಗೆ ಅದು ಬೇಕು. ಆದರೆ ‘ಹೊಸ ಮೋಟರ್ ಆಗಲಿ’ ಎಂದ 302ರವರೇ ಕೊಟೇಶನ್ ತರಬೇಕು ಅಂತೇನೂ ಇಲ್ಲವಲ್ಲ. ಕಾರ್ಯದರ್ಶಿಯವರು ಕೇಳುತ್ತಿರುವುದು ಓಡಾಡುವವರ ಹೆಸರನ್ನು.

ನಾನು ಪಂಚಾಯತ್ ರಾಜ್ ಕಚೇರಿಯಲ್ಲಿ ಕೆಡಿಪಿ ಸಭೆಗಳ ನಡಾವಳಿ ಬರೆಯುತ್ತಿದ್ದೆ. ಅಲ್ಲಿ ಪ್ರತಿ ವಿಷಯದ ಕೊನೆಗೆ, ಬಲಗಡೆ, ‘ಕ್ರಮ:’ ಎಂದು ಹಾಕಿ ಅಧಿಕಾರಿಯ ಹುದ್ದೆ ಬರೆಯುತ್ತಿದ್ದೆವು. ‘ಕ್ರಮ: ಸಹಾಯಕ ಕೃಷಿ ನಿರ್ದೇಶಕರು’, ಅಷ್ಟೇ. ಮುಂದಿನ ಸಭೆಗೆ ಅದರ ಮೇಲೆ ‘ಅನುಪಾಲನಾ ವರದಿ’ ಬರಬೇಕು. ಆ ಎರಡೇ ಅಕ್ಷರದ ಪದ ಯಾರನ್ನೂ ದೂರುವುದಿಲ್ಲ, ಆದರೆ ಯಾರೂ ತಪ್ಪಿಸಿಕೊಳ್ಳುವಂತೆಯೂ ಇಲ್ಲ.

ಮೇಷ್ಟ್ರೇ, ‘ನಡವಳಿ’ ತಪ್ಪಲ್ಲ. ಸರ್ಕಾರಿ ಆದೇಶಗಳ ತಲೆಯಲ್ಲಿ ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂದೇ ಇರುತ್ತದೆ, ನೋಡಿ. ಎರಡೂ ನಡೆಯುತ್ತವೆ.

ನಿಮ್ಮ ತೊಂದರೆ ಕಾಲಂ ಹೆಸರಿನದ್ದಕ್ಕಿಂತ ಜಾಸ್ತಿ ‘ತೀರ್ಮಾನಿಸಲಾಯಿತು’ ಎಂಬುದರದ್ದು. ‘ಲಾಯಿತು’ ಹಚ್ಚಿದ ತಕ್ಷಣ ಮಾಡುವವರು ವಾಕ್ಯದಿಂದ ಎದ್ದು ಹೋಗುತ್ತಾರೆ. ತೀರ್ಮಾನ ಸಭೆಯದ್ದು, ಅಲ್ಲಿ ‘ಲಾಯಿತು’ ಇರಲಿ. ಅದರ ಹಿಂದಿನ ‘ತರಿಸಲು’ ಇದೆಯಲ್ಲ, ಅಲ್ಲಿಗೆ ಹೆಸರು ಬೇಕು. “ಕೊಟೇಶನ್‌ಗಳನ್ನು ಜಂಟಿ ಕಾರ್ಯದರ್ಶಿಯವರು ತರುವುದೆಂದು ತೀರ್ಮಾನಿಸಲಾಯಿತು” ಎಂದು ಬರೆಯಲು ಹೋದರೆ ಹೆಸರಿಲ್ಲದೆ ವಾಕ್ಯವೇ ಮುಗಿಯುವುದಿಲ್ಲ. ಬರೆಯುವಾಗ ಕೈ ನಿಂತಿತು ಅಂದರೆ ಸಭೆಯಲ್ಲಿ ಅದು ತೀರ್ಮಾನವೇ ಆಗಿಲ್ಲ ಎಂದು ಅರ್ಥ. ಆಗ ಫೋನ್ ಮಾಡಿ ಕೇಳಬೇಕು. ನಾವೇ ಒಂದು ಹೆಸರು ತುಂಬಬಾರದು.

ನೀವು ಗೀಚಿಕೊಂಡದ್ದರಲ್ಲಿ ಎರಡು ಕಡೆ ‘ಓಣ’ ಇದೆ. ‘ತರೋಣ’ ಅಂದರೆ ಒಪ್ಪಿದ್ದಾರೆ, ಆದರೆ ಎಲ್ಲರೂ ಸೇರಿ ಒಪ್ಪಿದ್ದಾರೆ, ಒಬ್ಬರೂ ವಹಿಸಿಕೊಂಡಿಲ್ಲ. ‘ನೋಡೋಣ’ ಅಂದರೆ ಒಪ್ಪಿಯೇ ಇಲ್ಲ. ಲಿಫ್ಟಿನದ್ದನ್ನು ತೀರ್ಮಾನ ಎಂದು ಬರೆಯಬೇಡಿ. ‘ಚರ್ಚಿಸಿ ಮುಂದಿನ ಸಭೆಗೆ ಮುಂದೂಡಲಾಯಿತು’ ಎಂದು ಬರೆಯಿರಿ. ಟ್ಯಾಂಕ್ ಬಗ್ಗೆ ಇರುವುದು ಬರೀ ಪ್ರಶ್ನೆ. ಯಾರೂ ಉತ್ತರ ಕೊಡದಿದ್ದರೆ ‘ವಿಷಯ ಪ್ರಸ್ತಾಪವಾಯಿತು’ ಅಂದರೆ ಸಾಕು.

ಉಡುಪಿಯಿಂದ

ಸರ್ಕಾರಿ ಆದೇಶದ ವಿಷಯ ಒಪ್ಪಿದೆ. ಆದರೂ ನಾನು ‘ನಡಾವಳಿ’ಯನ್ನೇ ಬರೆಯುತ್ತೇನೆ.

ತಾರೀಖಿನ ಬಗ್ಗೆ ಒಂದು ಮಾತು. ‘ಆಗಸ್ಟ್ 10ರೊಳಗೆ’ ಎಂದು ಬರೆದರೆ 10ನೇ ತಾರೀಖು ಸೇರುತ್ತದೋ ಇಲ್ಲವೋ? ನನ್ನ ಲೆಕ್ಕದಲ್ಲಿ ಸೇರುವುದಿಲ್ಲ. 10 ಬರುವ ಮೊದಲೇ ಆಗಬೇಕು.

ತುಮಕೂರಿನಿಂದ

ನಮ್ಮ ಕಚೇರಿಯಲ್ಲಿ ಸೇರುತ್ತಿತ್ತು. 10ರ ಸಂಜೆ ಕಚೇರಿ ಮುಚ್ಚುವವರೆಗೆ ಅರ್ಜಿ ತೆಗೆದುಕೊಳ್ಳುತ್ತಿದ್ದೆವು.

ವಿಜಯಪುರದಿಂದ

ನಮ್ಮಲ್ಲೂ ಸೇರುತ್ತದ್ರೀ. ಸಾಲದ ಕಂತಿಗೆ ನಾವು ‘ವಾಯಿದೆ’ ಅಂತೀವಿ. ವಾಯಿದೆ 10 ಅಂದರೆ 10ಕ್ಕೆ ಕಟ್ಟಿದರೂ ದಂಡ ಇಲ್ಲ. ಸೂಚಕರ ವಿಷಯ ಈಗ ತಿಳೀತು. ಆದರೆ ಕೆಲಸ ಮಾಡುವವರ ಹೆಸರನ್ನೂ ಠರಾವಿನಲ್ಲೇ ಸೇರಿಸಿದರೆ ತಪ್ಪೇನ್ರಿ?

ಮೈಸೂರಿನಿಂದ

ಎಲ್ಲರಿಗೂ ಧನ್ಯವಾದ. ವಿಜಯಪುರದ ಸರ್, ತಪ್ಪೇನಿಲ್ಲ. ಆದರೆ ನಮ್ಮಲ್ಲಿ ಒಂದೇ ತೀರ್ಮಾನಕ್ಕೆ ಎರಡು ಮೂರು ಕೆಲಸ ಹುಟ್ಟುತ್ತವೆ. ಕೊಟೇಶನ್ ಒಬ್ಬರು ತರಬೇಕು, ಹಣ ಎಷ್ಟಿದೆ ಎಂದು ಇನ್ನೊಬ್ಬರು ಹೇಳಬೇಕು. ಅದಕ್ಕೇ ಬೇರೆ ಬೇರೆ ಸಾಲು ಮಾಡಿದ್ದೇನೆ. ಮತ್ತೆ ಸಭೆ ಕರೆದು, ಎಲ್ಲರನ್ನೂ ಕೇಳಿಯೇ ಬರೆದದ್ದು ಇದು:

> ಹಾಜರಿದ್ದವರು: ಅಧ್ಯಕ್ಷರು, ಕಾರ್ಯದರ್ಶಿ, ಜಂಟಿ ಕಾರ್ಯದರ್ಶಿ, ಖಜಾಂಚಿ, 104, 302. 207ರವರು ವಿಷಯ 2ರಿಂದ ಹಾಜರು.
>
> ವಿಷಯ 1: ಬೋರ್‌ವೆಲ್ ಮೋಟರ್
>
> ತೀರ್ಮಾನ: ರಿವೈಂಡಿಂಗ್‌ಗೂ ಹೊಸ ಮೋಟರಿಗೂ ಮೂರು ಕಡೆ ದರ ಕೇಳಿ, ಆಮೇಲೆ ಆರಿಸುವುದು.
>
> ಕೆಲಸ 1: ಮೂರು ಕೊಟೇಶನ್ ತರುವುದು. ಕ್ರಮ: ಜಂಟಿ ಕಾರ್ಯದರ್ಶಿ. ಕೊನೆಯ ದಿನ: ಸೆಪ್ಟೆಂಬರ್ 6, ಶನಿವಾರ.
>
> ಕೆಲಸ 2: ದುರಸ್ತಿ ನಿಧಿಯಲ್ಲಿ ಇರುವ ಹಣ ತಿಳಿಸುವುದು. ಕ್ರಮ: ಖಜಾಂಚಿ. ಕೊನೆಯ ದಿನ: ಸೆಪ್ಟೆಂಬರ್ 3, ಬುಧವಾರ.

207ರವರ ಸಾಲು ಸುಮ್ನೆ ಸೇರಿಸಿದ್ದಲ್ಲ. ಮೋಟರ್ ತೀರ್ಮಾನವಾದಾಗ ಅವರು ಇರಲಿಲ್ಲ. ಒಪ್ಪಿದವರಲ್ಲಿ ತಮ್ಮನ್ನು ಎಣಿಸಬಾರದು ಎಂದು ಅವರೇ ಕೇಳಿದರು.

‘ಒಳಗೆ’ ಬಿಟ್ಟು ‘ಕೊನೆಯ ದಿನ’ ಹಾಕಿದ್ದೇನೆ, ವಾರದ ಹೆಸರೂ ಇದೆ. ‘ಕ್ರಮ’ ಎಂದಾಗ ಖಜಾಂಚಿಯವರು ಬೇಸರಪಡಲಿಲ್ಲ. ಆದರೆ 104ರ ಹುಡುಗಿ “ಆಂಟಿ, ಕ್ರಮ ಅಂದ್ರೆ ಶಿಸ್ತು ಕ್ರಮಾನಾ?” ಎಂದು ಕೇಳಿದಳು. ಕಚೇರಿ ನೋಡದವರಿಗೆ ಹಾಗೆ ಕೇಳಿಸಬಹುದು. ‘ವಹಿಸಿಕೊಂಡವರು’ ಎಂದರೆ ಉದ್ದವಾಯಿತು, ಮೊಬೈಲಿನಲ್ಲಿ ಕಾಲಂ ಒಡೆದುಹೋಗುತ್ತದೆ. ಇದಕ್ಕಿಂತ ಚಿಕ್ಕ ಪದ ಯಾರಿಗಾದರೂ ಹೊಳೆದರೆ ತಿಳಿಸಿ.