ಕಾಸ್ಟ್ ಅಕೌಂಟಿಂಗ್: ಪರೀಕ್ಷೆಗೆ ಆರು ವಾರ, ಉಳಿದಿರುವುದು ಮೂರು ಘಟಕ

ಪ್ರಶ್ನೆ (ಅತಿಥಿ ಉಪನ್ಯಾಸಕಿ, ಪದವಿ ಕಾಲೇಜು, ಕೊಪ್ಪಳ ಜಿಲ್ಲೆ):
ಸೆಮಿಸ್ಟರ್ ಅರ್ಧ ಕಳೆದ ಮೇಲೆ ನನಗೆ ಬಿ.ಕಾಂ. ಕಾಸ್ಟ್ ಅಕೌಂಟಿಂಗ್ ತರಗತಿ ವಹಿಸಿದ್ದಾರೆ. ಹಿಂದಿನವರು ಕಾಸ್ಟ್ ಶೀಟ್ ಮತ್ತು ಮೆಟೀರಿಯಲ್ ಘಟಕ ಮುಗಿಸಿ ಹೋಗಿದ್ದಾರೆ. ಲೇಬರ್, ಓವರ್‌ಹೆಡ್, ರಿಕನ್ಸಿಲಿಯೇಶನ್ ಮೂರೂ ಬಾಕಿ. ವಾರಕ್ಕೆ ನಾಲ್ಕು ತರಗತಿ ಸಿಗುತ್ತವೆ. ಪ್ರಶ್ನೆಪತ್ರಿಕೆ ವಿಶ್ವವಿದ್ಯಾಲಯದಿಂದ ಬರುತ್ತದೆ, ನಾನು ಎಲ್ಲಿಗೆ ನಿಲ್ಲಿಸಿದೆ ಎಂದು ಅವರು ಕೇಳುವುದಿಲ್ಲ. ಪಠ್ಯಕ್ರಮದ ಸಾಲಿನಲ್ಲೇ ಓಡಲೇ, ಏನನ್ನಾದರೂ ಬಿಡಲೇ?

ಉತ್ತರ (ನಿವೃತ್ತ ವಾಣಿಜ್ಯ ಪ್ರಾಧ್ಯಾಪಕಿ, ಮೈಸೂರು):
ಮೊದಲು ಗಂಟೆಗಳ ಲೆಕ್ಕ ಹಾಕಿಕೊಳ್ಳಿ ಮೇಡಂ. ಆರು ವಾರಕ್ಕೆ 24 ತರಗತಿ ಎಂದು ಕಾಗದ ಹೇಳುತ್ತದೆ. ಅದರಲ್ಲಿ ಆಂತರಿಕ ಪರೀಕ್ಷೆ, ಒಂದೆರಡು ರಜೆ, ಕೊನೆಯ ವಾರದ ಅರ್ಧ ಖಾಲಿ ಬೆಂಚುಗಳನ್ನು ಕಳೆದರೆ 18 ಉಳಿದೀತು. ನಿಮ್ಮ ಯೋಜನೆ 18ಕ್ಕೆ ಇರಲಿ. ಅದರಲ್ಲಿ ಒಂಬತ್ತನ್ನು ಓವರ್‌ಹೆಡ್‌ಗೆ, ನಾಲ್ಕನ್ನು ರಿಕನ್ಸಿಲಿಯೇಶನ್‌ಗೆ, ಮೂರನ್ನು ಲೇಬರ್‌ಗೆ ಕೊಡಿ. ಎರಡನ್ನು ಯಾವುದಕ್ಕೂ ಕೊಡದೆ ಇಟ್ಟುಕೊಳ್ಳಿ, ಅವು ತಾವಾಗಿಯೇ ಖರ್ಚಾಗುತ್ತವೆ.

ಕಲಿಸುವುದೂ ಇದೇ ಕ್ರಮದಲ್ಲಿ ಎಂಬುದು ನನ್ನ ಸಲಹೆ. ಪಠ್ಯಕ್ರಮದಲ್ಲಿ ಲೇಬರ್ ಮೊದಲು ಬರುತ್ತದೆ, ನಿಜ. ಆದರೆ ಓವರ್‌ಹೆಡ್‌ನಲ್ಲಿ ಒಂದು ದಿನ ತಪ್ಪಿಸಿಕೊಂಡವನಿಗೆ ಮರುದಿನದ ಪಾಠ ತಲೆಗೆ ಹತ್ತುವುದಿಲ್ಲ, ಹಾಜರಿ ಚೆನ್ನಾಗಿರುವ ಮೊದಲ ವಾರಗಳು ಅದಕ್ಕೇ ಬೇಕು. ರಿಕನ್ಸಿಲಿಯೇಶನ್ ಓವರ್‌ಹೆಡ್‌ನ ಹೆಗಲ ಮೇಲೆ ನಿಂತಿರುವ ಪಾಠ, ಆದ್ದರಿಂದ ಅದು ಕೂಡಲೇ ಹಿಂದೆ ಬರಬೇಕು. ಲೇಬರ್‌ನ ಲೆಕ್ಕಗಳು ಹಾಗಲ್ಲ. ಒಂದೊಂದು ತರಗತಿಯಲ್ಲಿ ಒಂದೊಂದು ವಿಷಯ ಮುಗಿಯುತ್ತದೆ. ಹುಡುಗರು ಅರ್ಧಕ್ಕರ್ಧ ಬಾರದ ಕೊನೆಯ ವಾರಗಳಿಗೆ ಅದೇ ಸರಿ.

ಇನ್ನು ಓವರ್‌ಹೆಡ್. ಇಲ್ಲಿ ಸಮಯ ಸೋರುವುದು ಪಾಠದಲ್ಲಲ್ಲ, ಬರೆಸುವುದರಲ್ಲಿ. ಮೂರು ಉತ್ಪಾದನಾ ವಿಭಾಗ, ಎರಡು ಸೇವಾ ವಿಭಾಗ, ಹತ್ತು ಬಾಬತ್ತಿನ ವೆಚ್ಚ ಇರುವ ಒಂದು ಲೆಕ್ಕವನ್ನು ಉಕ್ತಲೇಖನ ಕೊಟ್ಟು, ಕೋಷ್ಟಕದ ಗೆರೆ ಎಳೆಸಿ ಮುಗಿಸುವಷ್ಟರಲ್ಲಿ ಅರ್ಧ ತರಗತಿ ಕಳೆದಿರುತ್ತದೆ. ಪ್ರಶ್ನೆಯನ್ನು ಹಿಂದಿನ ದಿನವೇ ತರಗತಿಯ ವಾಟ್ಸಾಪ್ ಗುಂಪಿಗೆ ಕಳುಹಿಸಿ, ಮೊಬೈಲ್ ಇಲ್ಲದವರಿಗಾಗಿ ಒಂದು ಜೆರಾಕ್ಸ್ ಪ್ರತಿಯನ್ನು ಗೋಡೆಗೆ ಅಂಟಿಸಿ. ಪ್ರಶ್ನೆ ಬರೆದುಕೊಂಡು, ಖಾಲಿ ಕೋಷ್ಟಕ ಹಾಕಿಕೊಂಡೇ ತರಗತಿಗೆ ಬರಬೇಕೆಂದು ಹೇಳಿ. ಇಷ್ಟರಿಂದಲೇ ಒಂಬತ್ತು ತರಗತಿಗಳು ಹದಿಮೂರರ ಕೆಲಸ ಮಾಡುತ್ತವೆ.

ಮೊದಲ ಎರಡು ತರಗತಿಗಳಲ್ಲಿ ಇಡೀ ಲೆಕ್ಕ ಬೇಡ. ಯಾವ ವೆಚ್ಚವನ್ನು ಯಾವ ಆಧಾರದ ಮೇಲೆ ಹಂಚಬೇಕು ಎಂಬುದನ್ನು ಮಾತ್ರ ಗಟ್ಟಿ ಮಾಡಿಸಿ. ಬಾಡಿಗೆಗೆ ನೆಲದ ವಿಸ್ತೀರ್ಣ, ಸವಕಳಿಗೆ ಯಂತ್ರಗಳ ಮೌಲ್ಯ, ಕ್ಯಾಂಟೀನಿಗೆ ಕಾರ್ಮಿಕರ ಸಂಖ್ಯೆ. ಎಡವುವುದು ಪವರ್ ಮತ್ತು ಲೈಟಿಂಗ್ ನಡುವೆ. ಎರಡೂ ಕರೆಂಟ್ ಬಿಲ್ಲೇ ಎಂದುಕೊಂಡು ಒಂದೇ ಆಧಾರ ಹಾಕುತ್ತಾರೆ. ಯಂತ್ರ ಓಡಿಸುವ ಪವರ್‌ಗೆ ಅಶ್ವಶಕ್ತಿ, ದೀಪಕ್ಕೆ ಲೈಟ್ ಪಾಯಿಂಟುಗಳು. ಪಾಯಿಂಟುಗಳ ಸಂಖ್ಯೆ ಕೊಡದಿದ್ದರೆ ಮಾತ್ರ ನೆಲದ ವಿಸ್ತೀರ್ಣ. ತರಗತಿಯ ಕೊನೆಯ ಐದು ನಿಮಿಷ ಐದು ವೆಚ್ಚಗಳನ್ನು ಗಟ್ಟಿಯಾಗಿ ಹೇಳಿ, ಆಧಾರವನ್ನಷ್ಟೇ ಚೀಟಿಯಲ್ಲಿ ಬರೆಸಿಕೊಳ್ಳಿ. ಹೆಚ್ಚಿನವರು ನಾಲ್ಕು ಸರಿ ಬರೆದರೆ ಮುಂದೆ ಹೋಗಿ. ಇಲ್ಲದಿದ್ದರೆ ಮರುದಿನದ ಲೆಕ್ಕದಲ್ಲಿ ಮೊದಲ ಸಾಲಿನಿಂದಲೇ ತಪ್ಪು ಬರುತ್ತದೆ, ನೀವು ಎಷ್ಟು ವೇಗವಾಗಿ ಹೋದರೂ ವ್ಯರ್ಥ.

ನಂತರದ ಗಂಟು, ಸೇವಾ ವಿಭಾಗಗಳು ಒಂದಕ್ಕೊಂದು ಸೇವೆ ಕೊಡುವ ಲೆಕ್ಕ. ಪುಸ್ತಕಗಳು ಮರುಹಂಚಿಕೆಯ ವಿಧಾನ, ಸಮೀಕರಣದ ವಿಧಾನ ಎಂದು ಎರಡು ಪಾಠ ಮಾಡುತ್ತವೆ. ನೀವು ಒಂದೇ ಲೆಕ್ಕದಲ್ಲಿ ಎರಡನ್ನೂ ತೋರಿಸಿ. ಎಕ್ಸ್ ವಿಭಾಗದ ವೆಚ್ಚ 9,000 ರೂಪಾಯಿ, ಅದರ ಶೇ. 10 ವೈ ವಿಭಾಗಕ್ಕೆ. ವೈ ವಿಭಾಗದ ವೆಚ್ಚ 4,000, ಅದರ ಶೇ. 20 ಎಕ್ಸ್‌ಗೆ. ಮರುಹಂಚಿಕೆಯಲ್ಲಿ ಎಕ್ಸ್‌ನ 9,000 ಹಂಚಿದಾಗ ವೈಗೆ 900 ಬಂದು ಅದು 4,900 ಆಗುತ್ತದೆ. ಅದನ್ನು ಹಂಚಿದರೆ 980 ಎಕ್ಸ್‌ಗೆ ಮರಳುತ್ತದೆ, ಅದರಲ್ಲಿ 98 ಮತ್ತೆ ವೈಗೆ, ಅದರಿಂದ ಸುಮಾರು 20 ಎಕ್ಸ್‌ಗೆ, ಕೊನೆಗೆ 2 ವೈಗೆ. ಎಕ್ಸ್‌ನಿಂದ ಹಂಚಿದ್ದನ್ನೆಲ್ಲ ಕೂಡಿಸಿದರೆ 9,000, 980, 20 ಸೇರಿ 10,000. ವೈಯಿಂದ 4,900, 98, 2 ಸೇರಿ 5,000. ಈಗ ಸಮೀಕರಣ ಬರೆಯಿರಿ:

```
x = 9000 + 0.2y
y = 4000 + 0.1x
```

ಬಿಡಿಸಿದರೆ ಅದೇ 10,000 ಮತ್ತು 5,000. ಎರಡು ವಿಧಾನಗಳೂ ಒಂದೇ ಕಡೆ ಬಂದು ನಿಲ್ಲುವುದನ್ನು ಕಣ್ಣಾರೆ ಕಂಡ ಹುಡುಗ ಯಾವುದನ್ನು ಕೇಳಿದರೂ ಹೆದರುವುದಿಲ್ಲ. ತಾಳೆ ನೋಡುವುದನ್ನೂ ಅಲ್ಲೇ ಕಲಿಸಿಬಿಡಿ. ಉತ್ಪಾದನಾ ವಿಭಾಗಗಳಿಗೆ ಎಕ್ಸ್‌ನ ಶೇ. 90, ಅಂದರೆ 9,000, ಮತ್ತು ವೈನ ಶೇ. 80, ಅಂದರೆ 4,000 ಹೋಗಬೇಕು. ಒಟ್ಟು 13,000. ಆರಂಭದಲ್ಲಿ ಇದ್ದದ್ದೂ ಅಷ್ಟೇ. ಕಡಿಮೆ ಬಂದರೆ ನಡುವೆ ಎಲ್ಲೋ ಒಂದು ಸುತ್ತು ಬಿಟ್ಟುಹೋಗಿದೆ.

ಪ್ರತಿಕ್ರಿಯೆ (ಖಾಸಗಿ ಕಾಲೇಜಿನ ಉಪನ್ಯಾಸಕ, ದಾವಣಗೆರೆ):
ಮೇಡಂ, ಇಷ್ಟೆಲ್ಲ ಬೇಕಿಲ್ಲ ಅನಿಸುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಮುಂದಿಟ್ಟುಕೊಂಡು, ಪದೇ ಪದೇ ಬಂದ ಲೆಕ್ಕಗಳನ್ನು ಮಾತ್ರ ಮಾಡಿಸಿದರೆ ನಾಲ್ಕು ವಾರ ಸಾಕು. ಅದೂ ಲೇಬರ್‌ನಿಂದ ಆರಂಭಿಸಬೇಕು. ಸುಲಭದ ಅಂಕ ಮೊದಲು ಕೈಗೆ ಬಂದರೆ ಮಕ್ಕಳಿಗೆ ಧೈರ್ಯ ಬರುತ್ತದೆ.

ನಿವೃತ್ತ ಪ್ರಾಧ್ಯಾಪಕಿ:
ಹಳೆಯ ಪತ್ರಿಕೆ ನೋಡಲೇಬೇಕು ಸರ್, ಆ ಮಾತು ಒಪ್ಪಿದೆ. ಯಾವ ಘಟಕದಿಂದ ದೊಡ್ಡ ಪ್ರಶ್ನೆ, ಯಾವುದರಿಂದ ಎರಡಂಕದ್ದು ಎಂಬುದು ಅದರಿಂದಲೇ ತಿಳಿಯುತ್ತದೆ. ಆದರೆ ಬಂದ ಲೆಕ್ಕವನ್ನೇ ಬಾಯಿಪಾಠ ಮಾಡಿಸಿದರೆ ಏನಾಗುತ್ತದೆ ಎಂಬುದನ್ನು ರಿಕನ್ಸಿಲಿಯೇಶನ್ ಉತ್ತರಗಳನ್ನು ತಿದ್ದುವಾಗ ಕಂಡಿದ್ದೇನೆ. ಕೂಡಿಸಬೇಕಾದವು, ಕಳೆಯಬೇಕಾದವು ಎಂಬ ಎರಡು ಪಟ್ಟಿಗಳನ್ನು ಹುಡುಗರು ಉರು ಹೊಡೆದಿರುತ್ತಾರೆ. ಪ್ರಶ್ನೆ ಕಾಸ್ಟ್ ಪುಸ್ತಕದ ಲಾಭದ ಬದಲು ಫೈನಾನ್ಷಿಯಲ್ ಪುಸ್ತಕದ ಲಾಭದಿಂದ ಆರಂಭವಾದರೆ ಸಾಕು, ಇಡೀ ಪಟ್ಟಿ ತಲೆಕೆಳಗಾಗುತ್ತದೆ. ಅದು ಅವರಿಗೆ ಗೊತ್ತಾಗುವುದೇ ಇಲ್ಲ.

ಪಟ್ಟಿಯ ಬದಲು ಒಂದೇ ಪ್ರಶ್ನೆ ಕೇಳಿಸಿ: ಈ ಬಾಬತ್ತಿನಿಂದ ನಾನು ಹಿಡಿದುಕೊಂಡಿರುವ ಲಾಭ ಇನ್ನೊಂದು ಪುಸ್ತಕದ ಲಾಭಕ್ಕಿಂತ ಹೆಚ್ಚಾಗಿದೆಯೇ, ಕಡಿಮೆಯಾಗಿದೆಯೇ? ಕಾಸ್ಟ್ ಪುಸ್ತಕದಲ್ಲಿ ಓವರ್‌ಹೆಡ್ 42,000 ಎಂದು ಸೇರಿಸಿದ್ದಾರೆ, ನಿಜವಾಗಿ ಆದದ್ದು 45,000. ವೆಚ್ಚ 3,000 ಕಡಿಮೆ ತೋರಿಸಿದ್ದರಿಂದ ಕಾಸ್ಟ್ ಲಾಭ 3,000 ಉಬ್ಬಿದೆ. ಅಲ್ಲಿಂದ ಹೊರಟರೆ ಕಳೆಯಬೇಕು. ಬ್ಯಾಂಕ್ ಬಡ್ಡಿ ಬಂದದ್ದು ಫೈನಾನ್ಷಿಯಲ್ ಪುಸ್ತಕದಲ್ಲಿ ಮಾತ್ರ ಇದೆ, ಕಾಸ್ಟ್ ಲಾಭದಲ್ಲಿ ಅದು ಸೇರಿಲ್ಲ, ಆದ್ದರಿಂದ ಕೂಡಿಸಬೇಕು. ಕಷ್ಟದ್ದು ದಾಸ್ತಾನು. ಕಾಸ್ಟ್ ಪುಸ್ತಕದಲ್ಲಿ ಅಂತಿಮ ದಾಸ್ತಾನಿಗೆ ಹೆಚ್ಚು ಬೆಲೆ ಕಟ್ಟಿದ್ದರೆ ಲಾಭ ಉಬ್ಬುತ್ತದೆ, ಆರಂಭಿಕ ದಾಸ್ತಾನಿಗೆ ಹೆಚ್ಚು ಕಟ್ಟಿದ್ದರೆ ಲಾಭ ಕುಗ್ಗುತ್ತದೆ. ಈ ಎರಡಕ್ಕೇ ಒಂದು ತರಗತಿ ಹೋದರೂ ಹೋಗಲಿ.

ಲೇಬರ್ ಮೊದಲೋ ಕೊನೆಯೋ ಎಂಬುದರಲ್ಲಿ ನಿಮ್ಮ ಅನುಭವ ಬೇರೆ ಇರಬಹುದು. ನಿಮ್ಮ ಕಾಲೇಜಿನಲ್ಲಿ ಕೊನೆಯ ದಿನದವರೆಗೂ ಹಾಜರಿ ಇರುತ್ತದೆ ಎಂದಾದರೆ ನನ್ನ ವಾದಕ್ಕೆ ಬಲ ಕಡಿಮೆ.

ಪ್ರತಿಕ್ರಿಯೆ (ವಿದ್ಯಾರ್ಥಿ):
ಮೇಡಂ, ನನಗೂ ಕಾಸ್ಟ್ ಅಕೌಂಟಿಂಗ್ ಬಾಕಿ ಇದೆ, ಹಿಂದಿನ ಸಲ ಫೇಲಾಗಿದ್ದೆ. ನಾನೊಬ್ಬನೇ ಓದುತ್ತಿದ್ದೇನೆ. 18 ತರಗತಿ ನನಗೆ ಯಾರು ಮಾಡುತ್ತಾರೆ? ನಾನೂ ಓವರ್‌ಹೆಡ್‌ನಿಂದಲೇ ಆರಂಭಿಸಬೇಕೇ?

ನಿವೃತ್ತ ಪ್ರಾಧ್ಯಾಪಕಿ:
ಬೇಡಪ್ಪ. ಮೇಲಿನ ಕ್ರಮ ತರಗತಿಯ ಹಾಜರಿ ನೋಡಿ ಹೇಳಿದ್ದು. ನೀನು ಒಬ್ಬನೇ ಓದುವವನು, ಮೇಲಿನ ಸರ್ ಹೇಳಿದಂತೆ ಲೇಬರ್ ಹಿಡಿ. ಹಾಲ್ಸಿ ಮತ್ತು ರೋವನ್ ಬೋನಸ್ಸನ್ನು ಒಂದೇ ಲೆಕ್ಕದಲ್ಲಿ ಮಾಡು. ಕೊಟ್ಟ ಸಮಯ 10 ಗಂಟೆ, ತೆಗೆದುಕೊಂಡದ್ದು 8, ಗಂಟೆಗೆ 60 ರೂಪಾಯಿ ಎಂದುಕೋ. ಕೂಲಿ 480. ಹಾಲ್ಸಿಯಲ್ಲಿ ಉಳಿಸಿದ ಎರಡು ಗಂಟೆಯ ಅರ್ಧಕ್ಕೆ 60, ಒಟ್ಟು 540. ರೋವನ್‌ನಲ್ಲಿ ಕೂಲಿಯ ಹತ್ತನೇ ಎರಡು ಪಾಲು 96, ಒಟ್ಟು 576. ಆಮೇಲೆ 8ರ ಬದಲು 5 ಗಂಟೆ ಹಾಕಿ ನೋಡು, ಎರಡರಲ್ಲೂ ಬೋನಸ್ 150 ಬರಬೇಕು. ಬಾರದಿದ್ದರೆ ಸೂತ್ರ ತಪ್ಪಾಗಿ ನೆನಪಿದೆ. ಅದು ಕೈಗೆ ಹತ್ತಿದ ಮೇಲೆ ಓವರ್‌ಹೆಡ್‌ಗೆ ಬಾ.

ಪ್ರತಿಕ್ರಿಯೆ (ರಸಾಯನಶಾಸ್ತ್ರ ಉಪನ್ಯಾಸಕಿ, ಚಾಮರಾಜನಗರ):
ನಮಗಂತೂ ಪ್ರಾಯೋಗಿಕ ಪರೀಕ್ಷೆಯೂ ಇದೇ ಆರು ವಾರದೊಳಗೆ ಬರುತ್ತದೆ. ಸಂಜೆ ಹೆಚ್ಚುವರಿ ತರಗತಿ ಇಟ್ಟರೆ ಹಳ್ಳಿಯ ಹೆಣ್ಣುಮಕ್ಕಳಿಗೆ ಬಸ್ ತಪ್ಪುತ್ತದೆ. ಭಾನುವಾರ ಇಟ್ಟರೆ ಊರಲ್ಲೇ ಇರುವವರಷ್ಟೇ ಬರುತ್ತಾರೆ. ಅರ್ಧ ತರಗತಿಗೆ ಪಾಠ ಮುಗಿದಂತೆ ಲೆಕ್ಕ, ಇನ್ನರ್ಧಕ್ಕೆ ಇಲ್ಲ. ಇದಕ್ಕೆ ಯಾರಾದರೂ ದಾರಿ ಕಂಡಿದ್ದೀರಾ?

ಪ್ರತಿಕ್ರಿಯೆ (ದಾವಣಗೆರೆಯ ಉಪನ್ಯಾಸಕ):
ಬೆಳಿಗ್ಗೆ ಒಂದು ಗಂಟೆ ಮೊದಲು ಇಟ್ಟು ನೋಡಿದ್ದೇವೆ. ಮೊದಲ ಬಸ್ಸಿಗೆ ಬರುವವರು ಹೇಗೂ ಕಾಲೇಜಿನಲ್ಲೇ ಕಾಯುತ್ತಿರುತ್ತಾರೆ. ಆದರೆ ಎಲ್ಲ ಊರಿನ ಬಸ್ಸೂ ಹಾಗಿರುವುದಿಲ್ಲ.

ನಿವೃತ್ತ ಪ್ರಾಧ್ಯಾಪಕಿ:
ಹೆಚ್ಚುವರಿ ತರಗತಿಯಲ್ಲಿ ಹೊಸ ಪಾಠ ಮಾಡಬೇಡಿ ಎಂಬುದಷ್ಟನ್ನೇ ನಾನು ಒತ್ತಿ ಹೇಳುತ್ತೇನೆ. ಅಲ್ಲಿ ಅಭ್ಯಾಸದ ಲೆಕ್ಕಗಳಿರಲಿ. ಬಾರದವರಿಗೆ ಅಭ್ಯಾಸ ತಪ್ಪುತ್ತದೆ, ಪಾಠ ತಪ್ಪುವುದಿಲ್ಲ. ಬಸ್ಸಿನ ಸಮಸ್ಯೆಗೆ ನನ್ನಲ್ಲೂ ಉತ್ತರವಿಲ್ಲ ಮೇಡಂ.

ಪ್ರಶ್ನೆ ಕೇಳಿದ ಉಪನ್ಯಾಸಕಿ:
ತುಂಬಾ ಉಪಕಾರವಾಯಿತು ಮೇಡಂ. ಇನ್ನೂ ಎರಡು ಕೇಳುತ್ತೇನೆ. ಮೆಷಿನ್ ಅವರ್ ರೇಟ್ ಬಿಡಬಹುದೇ? ಮತ್ತು ಹಿಂದಿನವರು ಮುಗಿಸಿದ್ದಾರೆಂದು ಕಾಸ್ಟ್ ಶೀಟ್ ಮುಟ್ಟದೆ ಹೋಗಲೇ?

ನಿವೃತ್ತ ಪ್ರಾಧ್ಯಾಪಕಿ:
ಮೆಷಿನ್ ಅವರ್ ರೇಟ್ ಬಿಡಬೇಡಿ, ಅದೊಂದೇ ದೊಡ್ಡ ಪ್ರಶ್ನೆಯಾಗಿ ಬರಬಲ್ಲದು. ಬಾಡಿಗೆ, ಮೇಲ್ವಿಚಾರಕರ ಸಂಬಳದಂಥ ಸ್ಥಿರ ವೆಚ್ಚಗಳನ್ನು ಒಟ್ಟು ಮಾಡಿ ಗಂಟೆಗಳಿಂದ ಭಾಗಿಸುವುದು, ಪವರ್, ರಿಪೇರಿ, ಸವಕಳಿಯನ್ನು ನೇರವಾಗಿ ಗಂಟೆಗೆ ಇಷ್ಟೆಂದು ತೆಗೆಯುವುದು. ಒಂಬತ್ತರಲ್ಲಿ ಕೊನೆಯ ಎರಡು ತರಗತಿ ಅದಕ್ಕಿರಲಿ. ತಪ್ಪು ಹೆಚ್ಚಾಗಿ ಗಂಟೆಗಳಲ್ಲಿ ಆಗುತ್ತದೆ. ರಿಪೇರಿಗೆ ಯಂತ್ರ ನಿಲ್ಲಿಸಿದ ಗಂಟೆಗಳನ್ನು ಕಳೆಯುವುದು ಮರೆಯುತ್ತಾರೆ, ದರ ಇರಬೇಕಾದ್ದಕ್ಕಿಂತ ಕಡಿಮೆ ಬರುತ್ತದೆ.

ಬಿಡುವುದೇ ಆದರೆ ಲೇಬರ್‌ನ ಥಿಯರಿಯನ್ನು ತರಗತಿಯಿಂದ ಬಿಡಿ. ಸಮಯ ದಾಖಲಿಸುವ ವಿಧಾನಗಳು, ಕಾರ್ಮಿಕರು ಕೆಲಸ ಬಿಡುವುದಕ್ಕೆ ಕಾರಣಗಳು, ಇವನ್ನು ಎರಡು ಪುಟದ ಟಿಪ್ಪಣಿ ಮಾಡಿ ಕೊಟ್ಟರೆ ಅವರೇ ಓದಿಕೊಳ್ಳುತ್ತಾರೆ. ಬಿಟ್ಟದ್ದನ್ನು ವರ್ಕ್ ಡೈರಿಯಲ್ಲಿ ‘ಟಿಪ್ಪಣಿ ಕೊಡಲಾಗಿದೆ’ ಎಂದೇ ಬರೆಯಿರಿ, ಪಾಠ ಮಾಡಿದಂತೆ ಬರೆಯಬೇಡಿ. ಆಮೇಲೆ ಮಕ್ಕಳು ಪ್ರಾಂಶುಪಾಲರ ಮುಂದೆ ನಿಂತರೆ ನಿಮ್ಮ ಪರವಾಗಿ ಮಾತಾಡುವುದು ಆ ಡೈರಿಯೇ.

ಕಾಸ್ಟ್ ಶೀಟ್ ಮಾತ್ರ ಒಮ್ಮೆ ಪರೀಕ್ಷಿಸಿ ನೋಡಲೇಬೇಕು. ರಿಕನ್ಸಿಲಿಯೇಶನ್‌ನ ದೊಡ್ಡ ಪ್ರಶ್ನೆಗಳಲ್ಲಿ ಮೊದಲು ಕಾಸ್ಟ್ ಶೀಟ್ ತಯಾರಿಸಿ ಲಾಭ ಕಂಡುಹಿಡಿಯಿರಿ ಎಂದು ಕೇಳುವುದುಂಟು. ಓವರ್‌ಹೆಡ್ ಮುಗಿದ ದಿನ ಒಂದು ಚಿಕ್ಕ ಕಾಸ್ಟ್ ಶೀಟ್ ಮನೆಗೆಲಸ ಕೊಡಿ, ಸೇಲ್ಸ್ ಮ್ಯಾನೇಜರ್ ಸಂಬಳವನ್ನು ಯಾರು ವರ್ಕ್ಸ್ ಕಾಸ್ಟ್‌ಗೆ ಸೇರಿಸಿದ್ದಾರೆಂದು ನೋಡಿ. ಅಂಥವರು ನಾಲ್ಕೈದು ಜನ ಇದ್ದರೆ ಪಕ್ಕಕ್ಕೆ ಕರೆದು ಹೇಳಿ. ತರಗತಿಯ ಅರ್ಧದಷ್ಟು ಇದ್ದರೆ, ಯಾವುದಕ್ಕೂ ಕೊಡದೆ ಇಟ್ಟ ಎರಡು ತರಗತಿಗಳಲ್ಲಿ ಒಂದು ಅಲ್ಲಿಗೆ ಹೋಗಬೇಕು.